ಟ್ರಸ್ಟ್ ಸ್ಕಾಲರ್‌ಶಿಪ್ 2025-26: ನೋಟಿಸ್ ಫೋಟೋ ಓದಿ ಬರೆದ ಚೆಕ್‌ಲಿಸ್ಟ್, ಪೂರ್ತಿ ಓದ್ಕೊಳ್ರಿ

ಮೂರು ದಿನದಿಂದ ಗ್ರೂಪಲ್ಲಿ ಓಡಾಡ್ತಿರೋ ನೋಟಿಸ್ ಫೋಟೋ ಎಲ್ರ ಮೊಬೈಲ್‌ಗೂ ಬಂದೈತೆ, ಆದ್ರೆ ಪೂರ್ತಿ ಓದಿದೋರು ಯಾರೂ ಸಿಗಲಿಲ್ಲ ನಂಗೆ, ಓದಕ್ಕೆ ಬರಂಗೂ ಇಲ್ಲ ಅದು. ಬೋರ್ಡಿನ ಗಾಜಿನ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದು ಮಧ್ಯದ ನಾಲ್ಕು ಸಾಲು ಬೆಳ್ಳಗಾಗ್ಯಾವೆ, ಕೆಳಗಿನ ಮಡಿಕೆಲಿ ಒಂದು ಸಾಲು ಸಿಕ್ಕಾಕ್ಕೊಂಡೈತೆ, ಫಾರ್ವರ್ಡ್ ಆಗಿ ಆಗಿ ಅಕ್ಷರ ಎಲ್ಲ ಕಲಸಿಹೋಗೈತೆ. ದಿನಕ್ಕೆ ಹತ್ತು ಜನ "ಅಕ್ಕಾ ಲಾಸ್ಟ್ ಡೇಟ್ ಯಾವತ್ತು", "ಅಕ್ಕಾ ನಂಗೆ ಬರ್ತದಾ" ಅಂತ ಕೇಳ್ತಿದೀರಿ, ಅದಕ್ಕೆ ನಿನ್ನೆ ಶುಕ್ರವಾರ ಸಂಜೆ ಫೋಟೋ ಜೂಮ್ ಮಾಡಿ ಗೊತ್ತಾದಷ್ಟು ಬರ್ಕೊಂಡು, ಗೊತ್ತಾಗದೇ ಇರೋದನ್ನ ಕಾಲೇಜಿಗೆ ಹೋಗಿ ಬೋರ್ಡ್ ಮುಂದೆ ನಿಂತು ನೋಡಿ, ಇನ್ನೂ ಡೌಟ್ ಇದ್ದದ್ದನ್ನ ಟ್ರಸ್ಟ್ ಆಫೀಸಿಗೆ ಫೋನ್ ಮಾಡಿ ಕೇಳೀನಿ.

ಒಂದ್ ಮಾತು ನೆನಪಿಟ್ಕೊಳ್ರಿ. ಕೆಳಗೆ "ನೋಟಿಸ್" ಅಂತ ಹಾಕಿರೋದು ಹಾಳೆಲಿ ಅಚ್ಚಾಗಿರೋದು, "ಫೋನ್" ಅಂತ ಹಾಕಿರೋದು ಆಫೀಸಿನೋರು ಬಾಯಲ್ಲಿ ಹೇಳಿದ್ದು, "ನನ್ನ ಮಾತು" ಅಂದ್ರೆ ನನ್ನ ಸಲಹೆ ಅಷ್ಟೆ. ಮೂರನ್ನೂ ಕಲಸಿ "ಅಕ್ಕ ಹೇಳಿದ್ಲು" ಅಂತ ಇನ್ನೊಂದ್ ಗ್ರೂಪಿಗೆ ಹಾಕಬ್ಯಾಡ್ರಿ.

*ಮೊದ್ಲು ಡೇಟ್*

ಎಲ್ರೂ ಒಂದೇ ಲಾಸ್ಟ್ ಡೇಟ್ ಅನ್ಕೊಂಡಿದೀರಿ, ನೋಟಿಸಲ್ಲಿ ಮೂರು ಅದಾವೆ.

☐ ಆನ್‌ಲೈನ್ ಫಾರ್ಮ್: 26-11-2025 ಬುಧವಾರ ರಾತ್ರಿ 11.59ರ ತನಕ (ನೋಟಿಸ್). ಫೋಟೋದಲ್ಲಿ ಇದು 26 ಅಂತಾನೂ ಕಾಣ್ತದೆ 28 ಅಂತಾನೂ ಕಾಣ್ತದೆ, ಎರಡ್ಮೂರು ಜನ ಆಗ್ಲೇ 28 ಅಂತ ಸ್ಟೇಟಸ್ ಹಾಕಿಬಿಟ್ಟಾರೆ. ಅದರ ಪಕ್ಕ "ಬುಧವಾರ" ಅಂತ ಮಾತ್ರ ಸ್ಪಷ್ಟ ಐತೆ, ಕ್ಯಾಲೆಂಡರ್ ತೆಗೆದು ನೋಡ್ರಿ, ಈ ನವೆಂಬರಲ್ಲಿ 28 ಶುಕ್ರವಾರ ಬರ್ತದೆ, ಬುಧವಾರ ಬರೋದು 26. ಬೋರ್ಡ್ ಹತ್ರ ಹೋಗಿ ನೋಡಿದಾಗ್ಲೂ 26ಏ. ಸ್ಟೇಟಸ್ ಹಾಕಿದೋರು ದಯವಿಟ್ಟು ತೆಗೀರಿ, ಅದನ್ನ ನಂಬಿ ಯಾರೋ ಎರಡು ದಿನ ತಡ ಮಾಡ್ತಾರೆ.

☐ ಹಾರ್ಡ್‌ ಕಾಪಿ: 6-12-2025 ಶನಿವಾರ ಸಂಜೆ 5ರ ಒಳಗೆ "ಕಚೇರಿಗೆ ತಲುಪತಕ್ಕದ್ದು" (ನೋಟಿಸ್). ತಲುಪತಕ್ಕದ್ದು ಅಂದ್ರೆ ಅವತ್ತು ಪೋಸ್ಟ್ ಮಾಡಿದ್ರೆ ಸಾಲದು, ಅವತ್ತು ಅವರ ಟೇಬಲ್ ಮೇಲೆ ಇರಬೇಕು. ಹೋದ ವರ್ಷ ಬೇರೆ ಒಂದು ಸ್ಕಾಲರ್‌ಶಿಪ್‌ಗೆ ನನ್ನ ರೂಮ್‌ಮೇಟ್ ಕೊನೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಂಡು ಸುಮ್ನಿದ್ಲು, ಕವರ್ ಎರಡು ದಿನಕ್ಕೆ ತಲುಪ್ತು, ತೆಗೆಯದೇ ವಾಪಸ್ ಕಳ್ಸಿದ್ರು. ಅವಳದು 92 ಪರ್ಸೆಂಟ್ ಇತ್ತು. ಆ ಕವರ್ ಹಾಗೇ ಅವಳ ಟ್ರಂಕಲ್ಲಿ ಐತೆ ಇನ್ನೂ.

☐ ಒರಿಜಿನಲ್ ತೋರ್ಸೋದು: 14-12-2025 ಭಾನುವಾರ ಬೆಳಿಗ್ಗೆ 10ಕ್ಕೆ ದಾವಣಗೆರೆಲಿ, ತಂದೆ ಅಥವಾ ತಾಯಿ ಜೊತೆ (ನೋಟಿಸ್, ಫೋಟೋದಲ್ಲಿ ಮಡಿಕೆಲಿ ಹೋಗಿರೋ ಸಾಲು ಇದೇ). ಅಪ್ಪ ಅಮ್ಮ ಇಲ್ದೋರು ಏನ್ ಮಾಡ್ಬೇಕು ಅಂತ ಕೇಳಿದೆ, ಸಾಕಿದೋರು ಯಾರಾದ್ರೂ ಆಧಾರ್ ತಗೊಂಡು ಬಂದ್ರೆ ನಡೀತದೆ ಅಂದ್ರು (ಫೋನ್). ಕೂಲಿಗೆ ಹೋಗೋ ಮನೆಯೋರು ಈಗ್ಲೇ ಹೇಳಿಟ್ಕೊಳ್ರಿ, ಮೊಳಕಾಲ್ಮೂರು, ಹೊಸದುರ್ಗದಿಂದ ಬರೋರಿಗೆ ಬೆಳಿಗ್ಗೆ ಮೊದಲ ಬಸ್ಸೇ ಹಿಡೀಬೇಕಾಗ್ತದೆ.

*ನಂಗೆ ಬರ್ತದಾ ಇಲ್ಲಾ*

☐ ಊರು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಯ ಖಾಯಂ ನಿವಾಸಿ ಆಗಿರಬೇಕು (ನೋಟಿಸ್). ಹರಪನಹಳ್ಳಿ ಕಡೆಯೋರು ಐದು ಜನ ನಂಗೆ ಮೆಸೇಜ್ ಮಾಡಿದ್ರಿ, ನಾವು ವಿಜಯನಗರ ಜಿಲ್ಲೆಗೆ ಹೋದ್ವಿ, ನಮಗಿಲ್ಲ ಅಂತ ಬೇಜಾರಾಗಿ. ಫೋಟೋದಲ್ಲಿ ಆ ಸಾಲಿನ ಕೊನೆಗೆ ಒಂದು ಕೆಂಪು ಪಿನ್ ಚುಚ್ಚೈತೆ ನೋಡ್ರಿ, ಅದರ ಕೆಳಗೆ ಏನೋ ಇದ್ದಂಗೆ ಕಾಣ್ತು, ಅಟೆಂಡರ್ ಅಣ್ಣನ್ನ ಕೇಳಿ ಗಾಜಿನ ಬಾಗ್ಲು ತೆಗೆಸಿ ಪಿನ್ ಸರಿಸಿ ನೋಡಿದೆ, "ಹಾಗೂ ಹರಪನಹಳ್ಳಿ ತಾಲ್ಲೂಕು" ಅಂತ ಐತೆ! 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗಿಂದ ನಮ್ ಜೊತೆನೇ ಇದ್ದ ತಾಲ್ಲೂಕು, 2018ರಲ್ಲಿ ಬಳ್ಳಾರಿಗೆ ಹೋಗಿ 2021ರಲ್ಲಿ ವಿಜಯನಗರಕ್ಕೆ ಸೇರ್ತು, ಟ್ರಸ್ಟಿನೋರು ಮರೆತಿಲ್ಲ. ಹಾಗಾಗಿ ಹರಪನಹಳ್ಳಿಯೋರು ಹಾಕ್ರಿ, ಹಳೇ ದಾಖಲೆಲಿ ಜಿಲ್ಲೆ ದಾವಣಗೆರೆ ಅಂತಿದ್ದು ಹೊಸದ್ರಲ್ಲಿ ವಿಜಯನಗರ ಅಂತಿದ್ರೂ ತೊಂದ್ರೆ ಇಲ್ಲ, ತಾಲ್ಲೂಕಿನ ಹೆಸ್ರು ಒಂದೇ ಇದ್ರೆ ಸಾಕಂತೆ (ಫೋನ್).

☐ ಓದು. ಬಿಎ, ಬಿಕಾಂ, ಬಿಎಸ್ಸಿ, ಬಿಬಿಎ, ಬಿಸಿಎ ಮೊದಲ್ನೇ ಮತ್ತೆ ಎರಡನೇ ವರ್ಷ ಮಾತ್ರ (ನೋಟಿಸ್). ಫೈನಲ್ ಇಯರಿನೋರಿಗೆ, ಇಂಜಿನಿಯರಿಂಗಿನೋರಿಗೆ ಇಲ್ಲ.

☐ ಮಾರ್ಕ್ಸ್. "ಹಿಂದಿನ ಪರೀಕ್ಷೆಯಲ್ಲಿ ಪ್ರಥಮ ಪ್ರಯತ್ನದಲ್ಲೇ ಉತ್ತೀರ್ಣರಾಗಿ ಶೇ. 60" (ನೋಟಿಸ್). ಮೊದಲ್ನೇ ವರ್ಷದೋರಿಗೆ ಪಿಯುಸಿ ಲೆಕ್ಕ, ಅಂದ್ರೆ 600ಕ್ಕೆ 360. 359 ಇದ್ರೆ ರೌಂಡ್ ಮಾಡಲ್ಲ, ಕೇಳೀನಿ. ಎರಡನೇ ವರ್ಷದೋರಿಗೆ ಎರಡು ಸೆಮಿಸ್ಟರ್ ಸೇರಿಸಿ. ಅಂಗವಿಕಲರಿಗೆ ಶೇ. 50 ಸಾಕು, ಬೆಳಕು ಬಿದ್ದು ಅಳಿಸಿಹೋಗಿರೋ ಸಾಲಲ್ಲಿ ಇದು ಐತೆ, ಯಾರಿಗೂ ಗೊತ್ತಾಗಿರ್ಲಿಲ್ಲ.

ಇಲ್ಲಿ ಒಂದು ದೊಡ್ಡ ಡೌಟ್ ಇತ್ತು. ಈಗ ಪಿಯುಸಿಗೆ ಪರೀಕ್ಷೆ-1, 2, 3 ಅಂತ ಮೂರು ಅದಾವಲ್ಲ, ಪರೀಕ್ಷೆ-1ರಲ್ಲೇ ಪಾಸಾಗಿ ಮಾರ್ಕ್ಸ್ ಜಾಸ್ತಿ ಮಾಡ್ಕೊಳ್ಳಕ್ಕೆ 2 ಬರೆದೋರು ಪ್ರಥಮ ಪ್ರಯತ್ನ ಅಂತ ಆಗ್ತಾರಾ? ಆಗ್ತಾರೆ, ಜಾಸ್ತಿ ಬಂದಿರೋ ಮಾರ್ಕ್ಸೇ ತಗೋತೀವಿ ಅಂದ್ರು. ಆದ್ರೆ ಪರೀಕ್ಷೆ-1ರಲ್ಲಿ ಒಂದು ಸಬ್ಜೆಕ್ಟ್ ಹೋಗಿ 2ರಲ್ಲಿ ಪಾಸಾದೋರಿಗೆ ಈ ವರ್ಷ ಇಲ್ಲ (ಎರಡೂ ಫೋನ್). ನಂಗೂ ಇದು ಸರಿ ಅನ್ಸಲಿಲ್ಲ, ಒಂದು ಸಬ್ಜೆಕ್ಟಿಗೆ ಯಾಕೆ ಹಿಂಗೆ ಅಂತ ಕೇಳ್ದೆ, ಮುಂದಿನ ವರ್ಷ ಕಮಿಟಿ ಮುಂದೆ ಇಡ್ತೀವಿ ಅಂದ್ರು. ಅಂಥೋರು ಎಸ್‌ಎಸ್‌ಪಿ ಬಿಡಬ್ಯಾಡ್ರಿ, ಸರ್ಕಾರದ್ದು ಬೇರೆ ರೂಲ್ಸ್.

☐ ವಯಸ್ಸು. 1-7-2004 ಅಥವಾ ಆಮೇಲೆ ಹುಟ್ಟಿರಬೇಕು (ನೋಟಿಸ್).

☐ ಆದಾಯ. ಕುಟುಂಬದ್ದು ವರ್ಷಕ್ಕೆ 2.5 ಲಕ್ಷದ ಒಳಗೆ, ನಾಡಕಚೇರಿ ಸರ್ಟಿಫಿಕೇಟ್ ಇರಬೇಕು, "ಚಾಲ್ತಿಯಲ್ಲಿರುವ" ಅಂತ ಹಾಕ್ಯಾರೆ (ನೋಟಿಸ್). ಪಿಯುಸಿಗೆ ಮಾಡ್ಸಿದ್ದ ಜಾತಿ ಆದಾಯ ಸರ್ಟಿಫಿಕೇಟೇ ನಡೀತದೆ, ಐದು ವರ್ಷ ಇರ್ತದೆ ಅದು, ಆದ್ರೆ ಹೈಸ್ಕೂಲಲ್ಲಿ ಮಾಡ್ಸಿದ್ದು ಇಟ್ಕೊಂಡಿರೋರು ಅದರ ಮೇಲಿನ ತಾರೀಖು ನೋಡ್ರಿ, ಮುಗಿದಿರಬಹುದು. ಹೊಸದು ಬೇಕಾದೋರು ಸೋಮವಾರ ಬೆಳಿಗ್ಗೆನೇ ನಾಡಕಚೇರಿಗೆ ಹೋಗ್ರಿ. ಅರ್ಜಿ ಕೊಟ್ಟ ಮೇಲೆ ವಿಎ ರಿಪೋರ್ಟ್ ಆಗಬೇಕು, ಅವತ್ತೇ ಕೈಗೆ ಸಿಗಲ್ಲ, 22ನೇ ತಾರೀಖು ನಾಲ್ಕನೇ ಶನಿವಾರ ರಜಾ, 23 ಭಾನುವಾರ. ಆನ್‌ಲೈನ್ ಫಾರ್ಮಲ್ಲಿ RD ಅಂತ ಶುರುವಾಗೋ ನಂಬರ್ ಹಾಕದೇ ಮುಂದಕ್ಕೇ ಹೋಗಲ್ಲ, ನಾನು ಟ್ರೈ ಮಾಡಿ ನೋಡೀನಿ. ಹಾಗಾಗಿ ಸರ್ಟಿಫಿಕೇಟ್ ಇಲ್ದೋರಿಗೆ ನಿಜವಾದ ಲಾಸ್ಟ್ ಡೇಟ್ ಈ ಸೋಮವಾರ ಅಂತಾನೇ ತಿಳ್ಕೊಳ್ರಿ (ನನ್ನ ಮಾತು).

☐ ಬೇರೆ ಸ್ಕಾಲರ್‌ಶಿಪ್. ಬೇರೆ ಖಾಸಗಿ ಟ್ರಸ್ಟಿಂದ ತಗೋತಿರೋರಿಗೆ ಇಲ್ಲ, "ಸರ್ಕಾರದ ವಿದ್ಯಾರ್ಥಿವೇತನ ಅಡ್ಡಿಯಾಗುವುದಿಲ್ಲ" (ನೋಟಿಸ್). ಎಸ್‌ಎಸ್‌ಪಿ ಹಾಕಿರೋರು ಧೈರ್ಯವಾಗಿ ಹಾಕ್ರಿ. ಒಂದು ಮನೆಯಿಂದ ಒಬ್ರೇ, ಇಬ್ರೂ ಹೆಣ್ಮಕ್ಕಳಾದ್ರೆ ಇಬ್ರೂ ಹಾಕಬಹುದು (ನೋಟಿಸ್).

ಜಾತಿ ಕಾಲಂ ಇಲ್ಲ, ಎಲ್ರೂ ಹಾಕಬಹುದು. ಅರ್ಜಿ ಫೀಸ್ ಇಲ್ಲ. ಯಾರಾದ್ರೂ ಟ್ರಸ್ಟ್ ಹೆಸ್ರಲ್ಲಿ ದುಡ್ಡು ಕೇಳಿದ್ರೆ, ಒಟಿಪಿ ಕೇಳಿದ್ರೆ ಕೊಡಬ್ಯಾಡ್ರಿ. ಸಿಕ್ಕಿದ್ರೆ ವರ್ಷಕ್ಕೆ 12,000, ಒಂದೇ ಕಂತಲ್ಲಿ ಖಾತೆಗೆ ಬರ್ತದೆ.

*ಕವರ್ ಒಳಗೆ ಏನೇನಿರಬೇಕು*

ಆನ್‌ಲೈನ್ ಫಾರ್ಮಿನ ಪ್ರಿಂಟ್ ಮೇಲೆ ನಿಮ್ಮ ಸಹಿ, ಪ್ರಿನ್ಸಿಪಾಲರ ಸಹಿ ಮತ್ತೆ ಸೀಲ್. ಮಾರ್ಕ್ಸ್ ಕಾರ್ಡ್, ಆಧಾರ್, ಆದಾಯ ಸರ್ಟಿಫಿಕೇಟ್, ಈ ವರ್ಷದ ಫೀಸ್ ರಸೀದಿ, ಸ್ಟಡಿ ಸರ್ಟಿಫಿಕೇಟ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರ ಜೆರಾಕ್ಸ್ ಮೇಲೂ ನಿಮ್ಮದೇ ಸಹಿ. ಫೋಟೋ ಎರಡು, ಹಿಂದೆ ಹೆಸ್ರು ಬರೀರಿ.

ಪ್ರಿನ್ಸಿಪಾಲರ ಸಹಿಗೆ ಒಬ್ಬೊಬ್ರೇ ಹೋಗಿ ನಿಲ್ಲಬ್ಯಾಡ್ರಿ, ಆಫೀಸಲ್ಲಿ ಮಾತಾಡೀನಿ, 27 ಮತ್ತೆ 28 ಮಧ್ಯಾಹ್ನ ಎಲ್ರದೂ ಒಟ್ಟಿಗೆ ಮಾಡಿಸಿಕೊಡ್ತಾರೆ.

ಪಾಸ್‌ಬುಕ್ ಬಗ್ಗೆ ಸ್ವಲ್ಪ ಹುಷಾರು. ಖಾತೆ ನಿಮ್ಮ ಹೆಸ್ರಲ್ಲೇ ಇರಬೇಕು, ಅಪ್ಪನ ಜೊತೆ ಜಾಯಿಂಟ್ ಇದ್ರೆ ನಡೆಯಲ್ಲ (ನೋಟಿಸ್). ಸಿಂಡಿಕೇಟ್ ಬ್ಯಾಂಕಿನ ಹಳೇ ಪಾಸ್‌ಬುಕ್ ಇನ್ನೂ ಇಟ್ಕೊಂಡಿರೋರು ನಮ್ ಹಾಸ್ಟೆಲಲ್ಲೇ ನಾಲ್ಕು ಜನ ಅದಾರೆ, ಅದರ ಮೇಲೆ SYNB ಅಂತ ಶುರುವಾಗೋ ಐಎಫ್‌ಎಸ್‌ಸಿ ಐತೆ, ಆ ಬ್ಯಾಂಕ್ 2020ರಲ್ಲೇ ಕೆನರಾಕ್ಕೆ ಸೇರೈತೆ, ಈಗ CNRB ಅಂತ ಬರಬೇಕು. ಬ್ಯಾಂಕಿಗೆ ಹೋಗಿ ಹೊಸ ಪಾಸ್‌ಬುಕ್ ಹಾಕ್ಸಿಕೊಳ್ರಿ. ಖಾತೆಲಿ ವರ್ಷಗಟ್ಟಲೆ ವ್ಯವಹಾರ ಮಾಡಿಲ್ಲ ಅಂದ್ರೆ ಬಂದ್ ಆಗಿರ್ತದೆ, ಅದನ್ನೂ ಅಲ್ಲೇ ಕೇಳ್ರಿ.

ಹೆಸ್ರು ಆಧಾರಲ್ಲಿ "ಕಾವ್ಯ ಬಿ", ಮಾರ್ಕ್ಸ್ ಕಾರ್ಡಲ್ಲಿ "ಕಾವ್ಯ ಬಸವರಾಜಪ್ಪ" ಅಂತ ಇದ್ರೆ ಗಾಬರಿ ಆಗಬ್ಯಾಡ್ರಿ, ಇಬ್ರೂ ಒಬ್ರೇ ಅಂತ ಪ್ರಿನ್ಸಿಪಾಲರ ಹತ್ರ ಒಂದು ಪತ್ರ ಬರೆಸಿ ಇಟ್ರೆ ಸಾಕು (ಫೋನ್).

ಗ್ರೂಪಲ್ಲಿರೋ ಫೋಟೋದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಲ್ಲ, ಟ್ರೈ ಮಾಡಿ ಟೈಮ್ ಹಾಳು ಮಾಡಬ್ಯಾಡ್ರಿ. ಬಾಗ್ಲು ತೆಗೆಸಿದಾಗ ಹತ್ರದಿಂದ ಬೇರೆ ಫೋಟೋ ತೆಗೆದೀನಿ, ಇದರ ಕೆಳಗೇ ಹಾಕ್ತೀನಿ, ಅದನ್ನೇ ಬಳಸ್ರಿ. ಸಬ್ಮಿಟ್ ಆದ ಮೇಲೆ ಒಂದು ನಂಬರ್ ಬರ್ತದೆ, ಸ್ಕ್ರೀನ್‌ಶಾಟ್ ತಗೊಂಡು ನೋಟ್‌ಬುಕ್ಕಲ್ಲೂ ಬರ್ಕೊಳ್ರಿ.

ಮೊಬೈಲಲ್ಲಿ ತುಂಬಕ್ಕೆ ಬರದೇ ಇರೋರು, ಇಲ್ಲಾ ಮೊಬೈಲೇ ಇಲ್ದೋರು ನಾಳೆ ಭಾನುವಾರ ಬೆಳಿಗ್ಗೆ 11ಕ್ಕೆ ಹಾಸ್ಟೆಲ್ ಊಟದ ಹಾಲಿಗೆ ಬರ್ರಿ, ನಾನು ಮತ್ತೆ ಸೌಮ್ಯ ಕೂತಿರ್ತೀವಿ, ದಾಖಲೆ ಎಲ್ಲ ತರ್ರಿ. ಕವರ್ ರೆಡಿ ಆದೋರು ಡಿಸೆಂಬರ್ 2 ಮಂಗಳವಾರ ರಾತ್ರಿ ಊಟದೊಳಗೆ ನಂಗೆ ಕೊಡ್ರಿ, 3ನೇ ತಾರೀಖು ಬುಧವಾರ ನಾನೇ ಹೋಗಿ ಟ್ರಸ್ಟ್ ಆಫೀಸಲ್ಲಿ ಕೊಟ್ಟು ಒಬ್ಬೊಬ್ರ ಹೆಸ್ರಿಗೂ ಬೇರೆ ಬೇರೆ ಸ್ವೀಕೃತಿ ತಗೊಂಡು ಬರ್ತೀನಿ. ಕವರ್ ಮೇಲೆ ಹೆಸ್ರು, ತಾಲ್ಲೂಕು, ಫಾರ್ಮ್ ನಂಬರ್ ದೊಡ್ಡದಾಗಿ ಬರೀರಿ, ಅಂಟಿಸಬ್ಯಾಡ್ರಿ, ಒಂದ್ಸಲ ನೋಡಿ ಆಮೇಲೆ ಅಂಟಿಸ್ತೀನಿ.