ಹತ್ತು, ಇಪ್ಪತ್ತು, ಮೂವತ್ತು

ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ. ಕೇಳಿದ್ದರಲ್ಲಿ 20. ನೋಡಿದ್ದರಲ್ಲಿ 30. ನೋಡಿ ಕೇಳಿದ್ದರಲ್ಲಿ 50. ಬಾಯಲ್ಲಿ ಹೇಳಿದ್ದರಲ್ಲಿ 70. ಕೈಯಾರೆ ಮಾಡಿದ್ದರಲ್ಲಿ 90. ಕೆಳಗೆ ಸಣ್ಣಕ್ಷರದಲ್ಲಿ "ಎಡ್ಗರ್ ಡೇಲ್, 1946".

ಈ ಚಾರ್ಟು ಸೌಭಾಗ್ಯಳಿಗೆ ಹೊಸದಲ್ಲ. ಮದ್ದೂರಿನ ಹತ್ತಿರ ಅವಳಪ್ಪ ಮೇಷ್ಟ್ರಾಗಿದ್ದ ಶಾಲೆಯ ಗೋಡೆಯ ಮೇಲಿತ್ತು. ಬಿ.ಎಡ್. ನೋಟ್ಸಿನಲ್ಲಿತ್ತು. ಈಗ ಮೈಸೂರಿನಲ್ಲಿ ಅವಳು ಬರೆಯುತ್ತಿದ್ದ ಪಿಎಚ್.ಡಿ. ಥೀಸಿಸ್‌ನ ಎರಡನೇ ಅಧ್ಯಾಯ ಶುರುವಾಗುತ್ತಿದ್ದದ್ದೂ ಇದರಿಂದಲೇ.

ಅಡಿಟಿಪ್ಪಣಿಗೆ ಪುಟಸಂಖ್ಯೆ ಬೇಕಿತ್ತು, ಅಷ್ಟೇ. ಹಳೆಯ ಥೀಸಿಸ್ ನೋಡಿ ಹಾಕಿದರಾಯಿತು ಅಂದುಕೊಂಡಳು. ಒಂದರಲ್ಲಿ 39 ಅಂತಿತ್ತು. ಇನ್ನೊಂದರಲ್ಲಿ 107. ಮೂರನೆಯದರಲ್ಲಿ ಪುಟವೇ ಇಲ್ಲ, ಬರೀ ಇಸವಿ. ಮೂವರೂ ಡಾಕ್ಟರೇಟ್ ಪಡೆದವರು. ಒಂದೇ ವಾಕ್ಯ ಎರಡು ಪುಟದಲ್ಲಿ ಇರುವುದು ಹೇಗೆ?

ಡೇಲ್ ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್. ಪಾಠಕ್ಕೆ ಚಿತ್ರ, ಸಿನಿಮಾ, ರೇಡಿಯೋ ಬಳಸುವುದರ ಬಗ್ಗೆ 1946ರಲ್ಲಿ ಪುಸ್ತಕ ಬರೆದ. 1954ರಲ್ಲಿ ಅದರ ಎರಡನೇ ಆವೃತ್ತಿ ಬಂತು, 1969ರಲ್ಲಿ ಮೂರನೆಯದು. ಎರಡನೆಯದು ಮೈಸೂರಿನ ಒಂದು ಹಳೇ ಲೈಬ್ರರಿಯ ಕಪಾಟಿನ ಕೆಳಸಾಲಿನಲ್ಲಿ ಸಿಕ್ಕಿತು. ಹಿಂದಿನ ಚೀಟಿಯಲ್ಲಿ ಎಷ್ಟೋ ವರ್ಷದಿಂದ ಸೀಲು ಬಿದ್ದಿರಲಿಲ್ಲ. ಲೈಬ್ರರಿಯವರೇ ಕೇಳಿದರು, "ಇದನ್ನ ಯಾಕೆ ಓದ್ತೀರಾ? ಇದರಲ್ಲಿರೋದೆಲ್ಲ ಗೈಡ್ ಬುಕ್ಕಲ್ಲೇ ಇದೆಯಲ್ಲ?"

ಪುಸ್ತಕದಲ್ಲಿ ಶಂಕುವಿನಾಕಾರದ ಚಿತ್ರ ಇತ್ತು. ಬುಡದಲ್ಲಿ ನೇರ ಅನುಭವ. ಮೇಲೇರಿದಂತೆ ನಾಟಕ, ಪ್ರಾತ್ಯಕ್ಷಿಕೆ, ಪ್ರವಾಸ, ಸಿನಿಮಾ. ತುತ್ತತುದಿಯಲ್ಲಿ ಬರೀ ಮಾತು, ಅಕ್ಷರ. ಶೇಕಡಾ ಗುರುತು ಎಲ್ಲೂ ಇಲ್ಲ. ನೆನಪಿನ ಮಾತೂ ಇಲ್ಲ. ಕೈಗೆ ಸಿಗುವ ಅನುಭವ ಕೆಳಗೆ, ಕಲ್ಪಿಸಿಕೊಳ್ಳಬೇಕಾದದ್ದು ಮೇಲೆ. ಡೇಲ್ ಜೋಡಿಸಿದ್ದು ಅಷ್ಟೇ. ಅದನ್ನೂ ಕಟ್ಟುನಿಟ್ಟಿನ ನಿಯಮ ಅಂತ ತೆಗೆದುಕೊಳ್ಳಬೇಡಿ ಅಂತ ಅವನೇ ಎಚ್ಚರಿಸಿದ್ದ. ಮೊದಲ ಮತ್ತು ಮೂರನೇ ಆವೃತ್ತಿಯ ಸ್ಕ್ಯಾನ್ ತರಿಸಿಕೊಂಡಳು. ಅವುಗಳಲ್ಲೂ ಅಂಕಿಗಳಿಲ್ಲ.

ಮತ್ತೆ ಹತ್ತು, ಇಪ್ಪತ್ತು, ಮೂವತ್ತು ಬಂದದ್ದೆಲ್ಲಿಂದ? ತರಬೇತಿ ಕೈಪಿಡಿಯಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಇನ್ನೊಂದು ಪುಸ್ತಕಕ್ಕೆ ಹಿಂದೆ ಹಿಂದೆ ಹೋದಳು. ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನು ನೋಡಿ ಬರೆದು, ಹೆಸರು ಮಾತ್ರ ಡೇಲ್‌ದು ಹಾಕಿದ್ದರು. ಕೊನೆಗೆ 1967ರ ಒಂದು ಪತ್ರಿಕಾ ಲೇಖನ ಸಿಕ್ಕಿತು. ಬರೆದವನು ಟ್ರೈಕ್ಲರ್. ಎಣ್ಣೆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವನಂತೆ. ಆರೂ ಅಂಕಿಗಳು ಅಲ್ಲಿದ್ದವು. ಯಾವ ಪ್ರಯೋಗ, ಎಷ್ಟು ಜನರ ಮೇಲೆ, ಎಷ್ಟು ದಿನ ಬಿಟ್ಟು ಕೇಳಿದ್ದು ಅನ್ನುವ ಒಂದು ಸಾಲೂ ಇರಲಿಲ್ಲ. ಆಮೇಲೆ ಯಾರೋ ಆ ಅಂಕಿಗಳನ್ನು ತಂದು ಡೇಲ್‌ನ ಶಂಕುವಿನ ಪಕ್ಕ ಅಂಟಿಸಿದ್ದಾರೆ.

ಒಮ್ಮೆ ಅನುಮಾನ ಬಂದ ಮೇಲೆ ಚಾರ್ಟು ನೋಡಿದರೆ ನಗು ಬರುತ್ತದೆ. ಓದುವವನ ಕಣ್ಣು ನೋಡುವುದಿಲ್ವಾ? ಮತ್ತೆ ಓದಿದ್ದಕ್ಕೆ ಹತ್ತು, ನೋಡಿದ್ದಕ್ಕೆ ಮೂವತ್ತು ಹೇಗೆ? ನಿಜವಾದ ಪ್ರಯೋಗ ಮಾಡಿದವರಿಗೆ ಉತ್ತರ ಎಂದಾದರೂ ಸೊನ್ನೆಯಲ್ಲೇ ಮುಗಿಯುತ್ತದಾ? ಅವಳ ಸ್ವಂತ ಡೇಟಾದಲ್ಲಿ 43.7, 61.2 ಇಂಥವೇ ಬರುತ್ತಿದ್ದವು.

ಅವತ್ತು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಖುಷಿಯಲ್ಲಿ ನಡೆದಳು. ತಾನೇ ಕಂಡುಹಿಡಿದೆ ಅಂತ. ಆ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಅಮೆರಿಕದಲ್ಲಿ ಇದನ್ನು ಎಷ್ಟೋ ಮುಂಚೆಯೇ ಹುಡುಕಿ ಬರೆದವರಿದ್ದರು. 2014ರಲ್ಲಂತೂ ಒಂದು ಶಿಕ್ಷಣ ಪತ್ರಿಕೆಯಲ್ಲಿ ಇದರ ಮೇಲೆ ಸಾಲಾಗಿ ಲೇಖನಗಳೇ ಬಂದಿದ್ದವು. ಸುಳ್ಳು ಬಯಲಾಗಿ ಇಷ್ಟು ವರ್ಷ ಆಗಿದೆ. ಚಾರ್ಟು ಮಾತ್ರ ಗೋಡೆ ಬಿಟ್ಟು ಇಳಿದಿಲ್ಲ.

ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಊರಿಗೆ ಹೋದಳು. ಅಪ್ಪ ಕಬ್ಬಿಗೆ ನೀರು ಕಟ್ಟಿ ಬಂದು ಕಾಲು ತೊಳೆಯುತ್ತಿದ್ದರು. ಮಗಳು ಹೇಳಿದ್ದನ್ನು ಪೂರ್ತಿ ಕೇಳಿದರು.

ಅಪ್ಪ ಕೊನೇ ಪೀರಿಯಡ್‌ನಲ್ಲಿ ಕಥೆ ಓದುತ್ತಿದ್ದವರು. ರಾಗವಾಗಿ, ಪಾತ್ರಕ್ಕೊಂದು ದನಿ ತೆಗೆದು. ಬೇರೆ ತರಗತಿಯ ಮಕ್ಕಳೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಒಂದು ತರಬೇತಿಯಲ್ಲಿ ಈ ಚಾರ್ಟು ತೋರಿಸಿ, "ನೀವು ಓದಿ ಹೇಳಿದ್ದರಲ್ಲಿ ನೂರಕ್ಕೆ ಎಂಬತ್ತು ಸೋರಿ ಹೋಗುತ್ತೆ ಮೇಷ್ಟ್ರೇ" ಅಂದರು. ಊರಿಗೆ ಬಂದವರೇ ಕಥೆ ನಿಲ್ಲಿಸಿದರು. ಸ್ವಂತ ದುಡ್ಡಲ್ಲಿ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ತಂದು ಆ ಪೀರಿಯಡ್ ತುಂಬಿಸಿದರು.

"ಅದಕ್ಕೆ ಆಧಾರನೇ ಇಲ್ಲ ಅಪ್ಪ," ಅಂದಳು ಸೌಭಾಗ್ಯ. ಅಪ್ಪನಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದಳು.

ಅಪ್ಪನಿಗೆ ಸಿಟ್ಟು ಬಂತು. "ಅವರು ಹೇಳಿದ್ದು ಹೇಳುದ್ರು. ಮಕ್ಕಳು ಬಾಯ್ಬಿಟ್ಕೊಂಡು ಕೇಳೋದು ನನ್ ಕಣ್ಮುಂದೇನೇ ಇತ್ತಲ್ಲ ಮಗ. ನಾನ್ಯಾಕೆ ಬುಟ್ಬುಟ್ಟೆ?" ಸ್ವಲ್ಪ ಹೊತ್ತಾದ ಮೇಲೆ ತಾವೇ ಮುಂದುವರಿಸಿದರು. "ಹಂಗಂತ ನೀನೂ ಪೂರಾ ಉಲ್ಟಾ ಹೊಡಿಬೇಡ. ತಕ್ಕಡಿ ಕೈಗೆ ಕೊಟ್ಟ ಮೇಲೇನೆ ಮಕ್ಕಳಿಗೆ ಕೇಜಿ ಗ್ರಾಮು ಅರ್ಥ ಆಗಿದ್ದು. ನಂಬರ್ ಸುಳ್ಳು ಅಂದ್ರೆ ಮಾಡಿ ಕಲಿಯೋದೂ ಸುಳ್ಳು ಅಂತಲ್ಲ."

ಇದನ್ನು ಅವಳು ಥೀಸಿಸ್‌ಗೆ ಹಾಗೇ ಸೇರಿಸಿದಳು, ಅಪ್ಪನ ಕನ್ನಡ ತೆಗೆದು ಪರೀಕ್ಷಕರ ಕನ್ನಡ ಹಾಕಿ.

ಗೈಡ್ ಸರ್ ಆ ಪುಟಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಪುಸ್ತಕದಲ್ಲೂ ಈ ಟೇಬಲ್ ಇದೆ, ಗೊತ್ತಲ್ವಾ?"

"ಗೊತ್ತು ಸರ್."

"ಹೆಸರು ಹಾಕಿಲ್ಲ ನೀನು."

"ಹಾಕಿಲ್ಲ ಸರ್."

ಹಾಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ವೈವಾಕ್ಕೆ ಬರೋರ ಪುಸ್ತಕದಲ್ಲೂ ಇರುತ್ತೆ. ಮೂರೂ ಆವೃತ್ತಿಯ ಜೆರಾಕ್ಸ್ ಜೊತೆಗೆ ಇಟ್ಕೊಂಡಿರು. ಬಾಯಲ್ಲಿ ವಾದ ಮಾಡಬೇಡ, ಪುಟ ತೆಗೆದು ತೋರಿಸು," ಅಂದರು. ಹೋಗುವಾಗ ಕರೆದು, ಮಂಡ್ಯದಲ್ಲಿ ತಮಗೆ ಬಂದಿದ್ದ ಶಿಕ್ಷಕರ ತರಬೇತಿಯ ಒಂದು ಕ್ಲಾಸನ್ನು ಅವಳಿಗೆ ವಹಿಸಿದರು. ಇದು ಶಿಕ್ಷೆಯೋ ಉಡುಗೊರೆಯೋ ಅವಳಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಊಟ ಆದ ಮೇಲಿನ ಕ್ಲಾಸು. ಸೌಭಾಗ್ಯ ಮೊದಲು ಚಾರ್ಟು ತೋರಿಸಿದಳು, ಆಮೇಲೆ ಡೇಲ್‌ನ ಅಸಲಿ ಚಿತ್ರ, ಆಮೇಲೆ 1967ರ ಕಥೆ. ತೂಕಡಿಸುತ್ತಿದ್ದವರೂ ಎದ್ದು ಕೂತರು. ಹಿಂದಿನ ಬೆಂಚಿನ ಮೇಡಂ ಒಬ್ಬರು ಜೋರಾಗಿ ನಕ್ಕು, "ನಮ್ಮ ಸ್ಕೂಲಿನ ಗೋಡೆ ಮೇಲೆ ಪೇಂಟಲ್ಲಿ ಬರೆಸಿದ್ದೀವಿ, ಈಗೇನು ಸುಣ್ಣ ಹೊಡೆಸೋದಾ?" ಅಂದರು. ಎಲ್ಲರೂ ನಕ್ಕರು. ಓದುವುದು, ಕೇಳುವುದು, ಮಾಡುವುದು, ಯಾವ ಪಾಠಕ್ಕೆ ಯಾವುದು ಅಂತ ಒಳ್ಳೆಯ ಚರ್ಚೆಯೇ ಆಯಿತು.

ಮುಗಿದ ಮೇಲೆ ನಾಗಮಂಗಲದ ಕಡೆಯ ಮೇಷ್ಟ್ರೊಬ್ಬರು ಫಾರಂ ಹಿಡಿದು ಹತ್ತಿರ ಬಂದರು.

"ತುಂಬಾ ಚೆನ್ನಾಗಿತ್ತು ಮೇಡಂ. ಆ ಹಳೇದು ತಪ್ಪು ಅಂತ ಗೊತ್ತಾಯ್ತು. ಸರಿಯಾದ್ದು ಎಷ್ಟು ಪರ್ಸೆಂಟು?"

"ಹಾಗೆ ಪರ್ಸೆಂಟ್ ಹೇಳೋಕೆ ಬರಲ್ಲ ಸರ್. ಅದನ್ನೇ ಇಷ್ಟೊತ್ತು ಹೇಳಿದ್ದು."

"ಅದು ಅರ್ಥ ಆಯ್ತು ಮೇಡಂ." ಅವರು ಫಾರಂನಲ್ಲಿ ಖಾಲಿ ಇದ್ದ ಕಾಲಂ ತೋರಿಸಿದರು. "ಆದ್ರೆ ಇಲ್ಲಿ ಏನಾದ್ರೂ ಬರೀಬೇಕಲ್ಲ. ಸುಮ್ನೆ ಒಂದು ಅಂದಾಜು ಹೇಳಿ, ನಿಮ್ಮ ಹೆಸರು ಹಾಕ್ಕೋತೀನಿ."