ನಿಮ್ಮ ಪತ್ರದ ಲೆಕ್ಕ, ಒಂದೊಂದಾಗಿ

15 ಜೂನ್ 2026, ಬೈಕಂಪಾಡಿ

ಅಕ್ಕಾ,

ಬೆಳಿಗ್ಗೆ ಕೆಲಸದಿಂದ ತೆಗೆದ ಪತ್ರ ಕೈಗೆ ಕೊಟ್ಟಾಗ ನೀವು ಎರಡು ಸಲ ಅದನ್ನು ತಿರುಗಿಸಿ ಹಿಂದಿನ ಪುಟ ನೋಡಿದಿರಿ. ಹಿಂದೆ ಏನೂ ಇರಲಿಲ್ಲ. "ಎಂತದು ಇದು, ಒಂದೂ ಅರ್ಥ ಆಗ್ತಿಲ್ಲ" ಅಂದಿರಿ. ಆಗ ಎದುರಿಗೆ ಮ್ಯಾನೇಜರ್ ಕೂತಿದ್ದರು, ನಾನು ಸರಿಯಾಗಿ ಬಿಡಿಸಿ ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಕಾರಣ. ಪ್ಯಾಕಿಂಗ್‌ಗೆ ಮೆಷಿನ್ ಬಂದದ್ದರಿಂದ ನಿಮ್ಮ ಸೆಕ್ಷನ್ ಮುಚ್ಚಿದೆ. ನಿಮ್ಮ ಕೆಲಸದಲ್ಲಿ ತಪ್ಪಿತ್ತು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಅನುಭವ ಪತ್ರದಲ್ಲೂ ಹಾಗೆಯೇ ಬರೆದಿದ್ದೇನೆ.

"ನೋಟಿಸ್ ಅವಧಿಯ ಬದಲು ಸಂಬಳ" ಅಂದರೆ ಇಷ್ಟೇ: ನಿಮಗೆ ಒಂದು ತಿಂಗಳು ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ಆ ತಿಂಗಳ ಪೂರ್ತಿ ಸಂಬಳ 22,000 ಕೊಡುತ್ತಾರೆ. ಆ ತಿಂಗಳು ನೀವು ಬರಬೇಕಾಗಿಲ್ಲ. ನಾಳೆಯೇ ಬೇರೆ ಕಡೆ ಸೇರಿದರೂ ಇದನ್ನು ವಾಪಸ್ ಕೇಳುವಂತಿಲ್ಲ.

ಅದರ ಜೊತೆಗೆ ಉದ್ಯೋಗ ಕಡಿತದ ಪರಿಹಾರ. ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಅಂದರೆ 11,000. ಇಲ್ಲಿ ನಮ್ಮ ವಿಭಾಗದಿಂದ ತಪ್ಪಾಗಿದೆ. ನೀವು ಸೇರಿದ್ದು 2016ರ ಅಕ್ಟೋಬರ್ 10ಕ್ಕೆ. ಇವತ್ತಿಗೆ 9 ವರ್ಷ 8 ತಿಂಗಳು. ಪತ್ರದಲ್ಲಿ ಬರೀ 9 ವರ್ಷ ಹಿಡಿದಿದ್ದಾರೆ. ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತಲೇ ಲೆಕ್ಕ. ಹಾಗಾಗಿ 10 ವರ್ಷ, 1,10,000. ನೋಟಿಸ್ ಸಂಬಳ ಮತ್ತು ಪರಿಹಾರ ಎರಡನ್ನೂ ಪತ್ರದ ಜೊತೆಗೇ ಕೊಡಬೇಕು, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ಬೆಳಿಗ್ಗೆ 1,21,000 ಹಾಕಿದ್ದರು. ಮಧ್ಯಾಹ್ನ ನಾನೇ ಕೂತು ಉಳಿದ 11,000 ಹಾಕಿಸಿದೆ. ನಿಮ್ಮ ಮೊಬೈಲಿಗೆ ಬ್ಯಾಂಕಿನಿಂದ ಎರಡು ಮೆಸೇಜ್ ಬಂದಿರಬೇಕು, ನೋಡಿ.

ಬಾಕಿ ಸಂಬಳ ಜೂನ್ 17ರ ಒಳಗೆ ಬರುತ್ತದೆ, ಕೆಲಸದಿಂದ ತೆಗೆದ ಮೇಲೆ ಎರಡು ಕೆಲಸದ ದಿನಗಳಲ್ಲಿ ಕೊಡಲೇಬೇಕು. ಜೂನಿನ 15 ದಿನಕ್ಕೆ 11,000. ಉಳಿದ ಗಳಿಕೆ ರಜೆ 19 ದಿನ, ದಿನಕ್ಕೆ 700ರಂತೆ 13,300. ಇದರಲ್ಲಿ 15 ದಿನದ ಪಿಎಫ್ 1,092 ಕಡಿತ. ಹಬ್ಬದ ಮುಂಗಡದಲ್ಲಿ ಪತ್ರದವರು ಪೂರ್ತಿ 10,000 ಕಳೆದಿದ್ದರು. ನೀವು ಆಗಲೇ 6,000 ತೀರಿಸಿದ್ದೀರಿ ಅಲ್ವಾ? ರಿಜಿಸ್ಟರ್ ತೆಗೆದು ತೋರಿಸಿದ ಮೇಲೆ 4,000ಕ್ಕೆ ಇಳಿಸಿದರು. ಕೈಗೆ ಬರುವುದು 19,208.

ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೆಲಸ ಬಿಡುವಾಗ ಕೊಡುವ ಹಣ, ಬೇರೆ. ಮೂಲ ವೇತನ ಮತ್ತು ಡಿಎ ಸೇರಿ 18,200. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 10 ವರ್ಷದಿಂದ ಗುಣಿಸಿದರೆ 1,05,000. ಪತ್ರದಲ್ಲಿ ಇದಕ್ಕೂ 9 ವರ್ಷ ಹಾಕಿ 94,500 ಅಂತ ಇದೆ. ಆ ಸಾಲಿಗೆ ಗೆರೆ ಎಳೆಯಿರಿ, ತಿದ್ದಿದ ಹಾಳೆ ಇದರ ಜೊತೆಗಿದೆ. ಜುಲೈ 15ರೊಳಗೆ ಬರಬೇಕು. ಅರ್ಜಿ ತುಂಬಿಸಿಟ್ಟಿದ್ದೇನೆ, ನಿಮ್ಮ ಸಹಿ ಮಾತ್ರ ಬಾಕಿ.

ಎಲ್ಲ ಸೇರಿ 2,56,208. ಪತ್ರದಲ್ಲಿ ಇದ್ದದ್ದು 2,28,708.

ಬೋನಸ್ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಹಾಗಂತ ಅದು ಹೋಗಿಲ್ಲ. ಕಳೆದ ವರ್ಷದ್ದು ಉಳಿದವರಿಗೆ ಕೊಡುವಾಗ ನಿಮಗೂ ಬರಬೇಕು, ನವೆಂಬರ್ ಕೊನೆಯೊಳಗೆ. ಈ ವರ್ಷ 30 ದಿನಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೀರಿ, ಅದರ ಪಾಲೂ ಇದೆ. ಬ್ಯಾಂಕ್ ಖಾತೆ ಬದಲಾದರೆ ನನಗೆ ತಿಳಿಸಿ.

ಪಿಎಫ್ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿ. ಕೆಲಸ ಬಿಟ್ಟ ದಿನಾಂಕ ನಾನು ಆನ್‌ಲೈನಿನಲ್ಲಿ ಹಾಕಿದ ಮೇಲೆ ನಿಮ್ಮ ಪಿಎಫ್ ನಂಬರಾದ ಯುಎಎನ್‌ನಲ್ಲಿ ಕಾಣುತ್ತದೆ. ಸೈಬರ್ ಅಂಗಡಿಯವರು "ಪೆನ್ಶನ್ ಹಣವನ್ನೂ ತೆಗೆದುಬಿಡಿ" ಅನ್ನಬಹುದು, ಕೇಳಬೇಡಿ. ಪೆನ್ಶನ್‌ಗೆ 10 ವರ್ಷ ಸೇವೆ ಬೇಕು, ಅಲ್ಲೂ ಒಂಬತ್ತೂವರೆ ದಾಟಿದರೆ 10 ಅಂತಲೇ. ಸಂಬಳ ಇಲ್ಲದ ರಜೆಯ ದಿನಗಳು ಕಳೆದುಹೋಗುತ್ತವೆ, ಆದರೆ ನಿಮ್ಮದು ಒಟ್ಟು 11 ದಿನ ಮಾತ್ರ, ನಾನು ಎಣಿಸಿದೆ. ಅಂದರೆ 58ಕ್ಕೆ ನಿಮಗೆ ಪೆನ್ಶನ್ ಹಕ್ಕು ಇದೆ. ಸ್ಕೀಮ್ ಸರ್ಟಿಫಿಕೇಟ್, ಅಂದರೆ ನಿಮ್ಮ ಪೆನ್ಶನ್ ಸೇವೆಯ ದಾಖಲೆ ಪತ್ರ, ಕೇಳಿ ಇಟ್ಟುಕೊಳ್ಳಿ. ಡೌಟ್ ಬಂದರೆ ಹೈಲ್ಯಾಂಡ್ಸ್‌ನ ಪಿಎಫ್ ಆಫೀಸಿಗೆ ಒಟ್ಟಿಗೆ ಹೋಗುವ.

ಮತ್ತೆ, "ಎಲ್ಲ ಬಾಕಿ ಚುಕ್ತಾ ಆಗಿದೆ" ಅನ್ನುವ ಹಾಳೆಗೆ ಈಗಲೇ ಸುಮ್ನೆ ಸಹಿ ಹಾಕಬೇಡಿ. ನಾನು ಆಫೀಸಿನವನೇ, ಆದರೂ ಹೇಳುತ್ತೇನೆ: ಹಣ ಖಾತೆಗೆ ಬಿದ್ದ ಮೇಲೆ ಹಾಕಿ, ಬೋನಸ್ ಬಾಕಿ ಅಂತ ಕೈಯಲ್ಲಿ ಬರೆದು ಹಾಕಿ. ತೆಗೆದದ್ದೇ ಸರಿಯಿಲ್ಲ ಅನಿಸಿದರೆ ಕಾರ್ಮಿಕ ಇಲಾಖೆಯಲ್ಲಿ ಕೇಳುವ ದಾರಿಯೂ ನಿಮಗಿದೆ.

ಗೋಡೌನಿನ ಬೀಗದ ಕೈ ಮತ್ತು ಐಡಿ ಕಾರ್ಡ್ ಬುಧವಾರ ತಂದುಕೊಡಿ. ನಿಮ್ಮ ಕೊಡೆ ಮತ್ತು ಬುತ್ತಿ ಇಲ್ಲೇ ಉಳಿದಿದೆ, ವಾಚ್‌ಮನ್ ಹತ್ತಿರ ಇಟ್ಟಿದ್ದೇನೆ.

ಆಡಳಿತ ವಿಭಾಗದಿಂದ,
ನಿಮ್ಮ ತಮ್ಮ