ಕಂಪ್ಯೂಟರ್ ಕೋಣೆಗೆ ಸೋಲಾರ್: ದಾನಿಗಳಲ್ಲಿ ಮನವಿ

ಆತ್ಮೀಯ ದಾನಿಗಳಿಗೆ ನಮಸ್ಕಾರ,

ವಾಸ್ಕೋದ ನಮ್ಮ ಕನ್ನಡ ಶಾಲೆಯಲ್ಲಿ 10 ಕಂಪ್ಯೂಟರ್‌ಗಳಿವೆ. ಕರೆಂಟ್ ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಮೊನ್ನೆ ಏಳನೇ ಕ್ಲಾಸಿನ ಹುಡುಗಿ ಕನ್ನಡದಲ್ಲಿ ತನ್ನ ಊರಿನ ಬಗ್ಗೆ ಅರ್ಧ ಪುಟ ಟೈಪ್ ಮಾಡಿದ್ದಳು, ಸೇವ್ ಮಾಡುವ ಮೊದಲೇ ಸ್ಕ್ರೀನ್ ಕಪ್ಪಾಯಿತು. ಇಲ್ಲಿನ ಮಕ್ಕಳ ಅಪ್ಪ-ಅಮ್ಮ ಹೆಚ್ಚಾಗಿ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರು, ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು?

ನಮಗೆ ಬೇಕಿರುವುದು 3 ಕಿಲೋವ್ಯಾಟ್ ಪ್ಯಾನೆಲ್, ಬ್ಯಾಟರಿ, ಜೊತೆಗೆ ಸೋಲಾರ್, ಲೈನ್, ಬ್ಯಾಟರಿ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್. ಬ್ಯಾಟರಿ ಯಾಕೆ ಅಂದರೆ, ಬರೀ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಬಿಸಿಲಿದ್ದ ದಿನ ಸುಮಾರು 12 ಯೂನಿಟ್ ಸಿಗುತ್ತದೆ. ಕಂಪ್ಯೂಟರ್, ಫ್ಯಾನ್ ಎರಡಕ್ಕೂ ಸಾಕು. ಮಳೆಗಾಲದಲ್ಲಿ ಕಮ್ಮಿ, ಆಗ ಲೈನ್ ಕರೆಂಟ್‌ನಿಂದಲೇ ಬ್ಯಾಟರಿ ತುಂಬಿಸುತ್ತೇವೆ. ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದಲ್ವಾ, ಹಾಗಾಗಿ ಸ್ಟ್ಯಾಂಡ್ ಅಲ್ಯೂಮಿನಿಯಂನದೇ ಕೇಳಿದ್ದೇವೆ.

ಒಟ್ಟು ಅಂದಾಜು 2 ಲಕ್ಷ 80 ಸಾವಿರ ರೂಪಾಯಿ. ಪಾಲಕರು 30 ಸಾವಿರ ಕೂಡಿಸಿದ್ದಾರೆ. ಉಳಿದದ್ದಕ್ಕೆ ನಿಮ್ಮ ಕೈ ಬೇಕು. ಪೂರ್ತಿ ಆಗದಿದ್ದರೆ ಒಂದು ಪ್ಯಾನೆಲ್ ಕೊಡಿಸಿ. ರಸೀದಿ, ಬಿಲ್ಲು ಎಲ್ಲ ಕಳಿಸುತ್ತೇವೆ. ಯಾವ ಶನಿವಾರ ಬೇಕಾದರೂ ಬಂದು ನೋಡಿ.

ನಿಮ್ಮವ,
ಮುಖ್ಯೋಪಾಧ್ಯಾಯ
ಕನ್ನಡ ಮಾಧ್ಯಮ ಶಾಲೆ, ವಾಸ್ಕೋ, ಗೋವಾ